ಉದ್ರಿ ಬಾಕಿಗೆ ಮೂರು ವರ್ಷ: ಕಾಲಮಿತಿಯೂ ಲಿಖಿತ ಒಪ್ಪಿಗೆಯೂ

ಉದ್ರಿ ಕೊಟ್ಟ ವ್ಯಾಪಾರಿಗೆ ಬಾಕಿಯ ಮೊತ್ತ ನೆನಪಿರುತ್ತದೆ, ಬಿಲ್ಲಿನ ತಾರೀಖು ನೆನಪಿರುವುದಿಲ್ಲ. ಕೋರ್ಟಿಗೆ ಹೋದಾಗ ಮೊದಲು ಕೇಳುವುದು ತಾರೀಖನ್ನೇ. ಮಾಲು ಕೊಟ್ಟದ್ದು ನಿಜ, ಬಾಕಿ ಇರುವುದೂ ನಿಜ, ಎದುರು ಪಕ್ಷದವರು ಅದನ್ನು ಅಲ್ಲಗಳೆದೂ ಇಲ್ಲ. ಹೀಗಿದ್ದರೂ ಕಾನೂನು ಕೊಟ್ಟ ಗಡುವು ದಾಟಿದ್ದರೆ ದಾವೆ ವಜಾ ಆಗುತ್ತದೆ. ಈ ಗಡುವನ್ನು ಹೇಳುವುದು 1963ರ ಕಾಲಮಿತಿ ಕಾಯ್ದೆ. 1908ರ ಹಳೆಯ ಕಾಯ್ದೆಯ ಬದಲಿಗೆ ಬಂದ ಇದು 1964ರ ಜನವರಿ 1ರಿಂದ ಜಾರಿಯಲ್ಲಿದೆ. ವ್ಯಾಪಾರದ ಬಾಕಿಗೆ ಇದು ಕೊಡುವ ಅವಧಿ ಸಾಮಾನ್ಯವಾಗಿ ಮೂರು ವರ್ಷ. ಆ ಮೂರು ವರ್ಷವನ್ನು ಎಲ್ಲಿಂದ ಎಣಿಸಬೇಕು, ಸಾಲಗಾರನ ಒಂದು ಸಹಿ ಅದನ್ನು ಹೇಗೆ ಮತ್ತೆ ಮೊದಲಿನಿಂದ ಶುರುಮಾಡುತ್ತದೆ ಎಂಬುದು ಈ ಲೇಖನದ ವಿಷಯ.

ಕಾಲ ಮೀರಿದರೆ ಹೋಗುವುದೇನು, ಉಳಿಯುವುದೇನು

ಕಾಲಮಿತಿ ಮುಗಿದರೆ ಸಾಲ ಅಳಿಸಿಹೋಗುವುದಿಲ್ಲ, ಕೋರ್ಟಿನ ಮೂಲಕ ವಸೂಲಿ ಮಾಡುವ ದಾರಿ ಮಾತ್ರ ಮುಚ್ಚುತ್ತದೆ. ಸಾಲಗಾರ ಆಮೇಲೆ ತಾನಾಗಿಯೇ ಹಣ ಕೊಟ್ಟರೆ ಅದನ್ನು ಇಟ್ಟುಕೊಳ್ಳಲು ಅಡ್ಡಿಯಿಲ್ಲ. ಕೊಟ್ಟವನು ‘ಅದು ಕಾಲ ಮೀರಿದ ಬಾಕಿಯಾಗಿತ್ತು, ವಾಪಸು ಕೊಡಿ’ ಎನ್ನುವಂತಿಲ್ಲ. ಇಂತಿಂಥ ಬಿಲ್ಲಿಗೆಂದು ಹೇಳದೆ ಅವನು ಹಣ ಕೊಟ್ಟರೆ, ಮಾರಾಟಗಾರ ಅದನ್ನು ಕಾಲ ಮೀರಿದ ಹಳೆಯ ಬಿಲ್ಲಿಗೆ ಜಮಾ ಮಾಡಿಕೊಳ್ಳಲೂ ಕರಾರು ಕಾಯ್ದೆ ಅವಕಾಶ ಕೊಡುತ್ತದೆ.

ಆದರೆ ದಾವೆಯ ಮಟ್ಟಿಗೆ ನಿಯಮ ಬಿಗಿ. ಕಾಯ್ದೆಯ 3ನೇ ಕಲಂ ಪ್ರಕಾರ, ಕಾಲ ಮೀರಿ ಬಂದ ದಾವೆಯನ್ನು ಪ್ರತಿವಾದಿ ಆಕ್ಷೇಪ ಎತ್ತದಿದ್ದರೂ ನ್ಯಾಯಾಧೀಶರು ವಜಾ ಮಾಡಲೇಬೇಕು. ಮೇಲ್ಮನವಿ ತಡವಾದರೆ ಕಾರಣ ಕೊಟ್ಟು ವಿಳಂಬ ಮನ್ನಾ ಕೇಳಬಹುದು. ಮೂಲ ದಾವೆಗೆ ಆ ಸೌಲಭ್ಯ ಇಲ್ಲ. ‘ಕಾಯಿಲೆ ಬಿದ್ದಿದ್ದೆ’, ‘ಅವರು ಕೊಡುತ್ತೇನೆ ಎನ್ನುತ್ತಲೇ ಇದ್ದರು’ ಎಂಬ ವಿವರಣೆಗಳು ಇಲ್ಲಿ ನಡೆಯುವುದಿಲ್ಲ.

ಮೂರು ವರ್ಷದ ಎಣಿಕೆ ಎಲ್ಲಿಂದ?

ಹಣ ಕೊಡುವುದಿಲ್ಲ ಎಂದು ಗಿರಾಕಿ ಕೈಚೆಲ್ಲಿದ ದಿನದಿಂದ ಮೂರು ವರ್ಷ ಎಂದು ಹಲವರು ತಿಳಿದಿದ್ದಾರೆ. ಕಾಯ್ದೆಯ ಲೆಕ್ಕ ಅದಲ್ಲ. ಮಾಲು ಮಾರಾಟದ ಬಾಕಿಗೆ ಎರಡು ಅನುಚ್ಛೇದಗಳು ಮುಖ್ಯ. ಉದ್ರಿಯ ಅವಧಿ ಗೊತ್ತುಮಾಡದೆ ಮಾಲು ಕೊಟ್ಟಿದ್ದರೆ 14ನೇ ಅನುಚ್ಛೇದದಂತೆ ಮಾಲು ಒಪ್ಪಿಸಿದ ದಿನದಿಂದ ಮೂರು ವರ್ಷ. ‘30 ದಿನದ ಉದ್ರಿ’, ‘60 ದಿನದ ವಾಯಿದೆ’ ಎಂದು ಮೊದಲೇ ಮಾತಾಗಿದ್ದರೆ 15ನೇ ಅನುಚ್ಛೇದದಂತೆ ಆ ವಾಯಿದೆ ಮುಗಿದ ದಿನದಿಂದ ಮೂರು ವರ್ಷ. ಎಣಿಕೆ ಶುರುವಾಗುವ ಆ ಒಂದು ದಿನವನ್ನು ಬಿಟ್ಟು ಮುಂದಿನ ದಿನದಿಂದ ಎಣಿಸಬೇಕು.

ವಾಯಿದೆಯ ಮಾತಿಗೆ ಪುರಾವೆ ಬೇಕು. ಬಿಲ್ಲಿನ ಮೇಲೆ ‘30 ದಿನದೊಳಗೆ ಪಾವತಿಸಬೇಕು’ ಎಂದು ಅಚ್ಚಾಗಿದ್ದರೆ ಅಥವಾ ಆರ್ಡರ್ ಪತ್ರದಲ್ಲಿ ಹಾಗೆ ಬರೆದಿದ್ದರೆ ಕೆಲಸ ಸುಲಭ. ಬರಿ ಬಾಯಿಮಾತಾಗಿದ್ದರೆ ಮಾಲು ಒಪ್ಪಿಸಿದ ದಿನವನ್ನೇ ಹಿಡಿದು ಎಣಿಸುವುದು ಕ್ಷೇಮ. ಆ ದಿನಕ್ಕೂ ಬಿಲ್ಲಿನ ದಿನಕ್ಕೂ ಒಂದೆರಡು ದಿನದ ಅಂತರ ಇರುವುದುಂಟು. ಅಂಥ ಕಡೆ ಡೆಲಿವರಿ ಚಲನ್ ಅಥವಾ ಲಾರಿ ರಸೀದಿ ಮುಖ್ಯ ದಾಖಲೆಯಾಗುತ್ತದೆ.

ಹಳೆಯ ಬಿಲ್ಲುಗಳ ವಿಷಯದಲ್ಲಿ ಇನ್ನೊಂದು ಅಂಶ ಇದೆ. ಕೋವಿಡ್ ಕಾರಣಕ್ಕೆ ಸುಪ್ರೀಂ ಕೋರ್ಟ್ 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ಕಾಲವನ್ನು ಎಣಿಕೆಯಿಂದ ಬಿಡಬೇಕೆಂದು ಆದೇಶಿಸಿತ್ತು. ಆ ಕಾಲಕ್ಕೆ ಸೇರಿದ ಬಾಕಿಗಳಿಗೆ ಇದು ಅನ್ವಯಿಸುತ್ತದೆ, 2022ರ ಮಾರ್ಚ್ ನಂತರದ ಬಿಲ್ಲುಗಳಿಗೆ ಇದರಿಂದ ಏನೂ ಸಿಗುವುದಿಲ್ಲ.

ನಡೆಯುತ್ತಿರುವ ಖಾತೆ ಎಂಬ ತಪ್ಪುಗ್ರಹಿಕೆ

‘ಖಾತೆ ನಡೆಯುತ್ತಲೇ ಇದೆ, ಕೊನೆಯ ಬಿಲ್ಲಿನಿಂದ ಎಣಿಸಿದರಾಯಿತು’ ಎಂಬ ಮಾತು ಪೇಟೆಯಲ್ಲಿ ಸಾಮಾನ್ಯ. ಲೆಡ್ಜರಿನಲ್ಲಿ ಒಂದೇ ಪುಟ, ಕೆಳಗೆ ಒಂದೇ ಮೊತ್ತ. ಹಾಗಾಗಿ ಎಲ್ಲವೂ ಒಂದೇ ಸಾಲ ಎನಿಸುತ್ತದೆ. ಕಾಯ್ದೆಯ 1ನೇ ಅನುಚ್ಛೇದ ಕೊಡುವ ಅನುಕೂಲವನ್ನು ತಪ್ಪಾಗಿ ತಿಳಿದದ್ದರಿಂದ ಈ ಮಾತು ಬಂದಿರಬಹುದು. ಆ ಅನುಚ್ಛೇದದಲ್ಲಿ, ಖಾತೆಗೆ ಸೇರಿದ ಕೊನೆಯ ಬಾಬತ್ತು ಯಾವ ಲೆಕ್ಕದ ವರ್ಷಕ್ಕೆ ಸೇರಿದೆಯೋ ಆ ವರ್ಷದ ಕೊನೆಯಿಂದ ಮೂರು ವರ್ಷ ಸಿಗುತ್ತದೆ. ಆದರೆ ಅದು ‘ಪರಸ್ಪರ’ ಖಾತೆಗೆ ಮಾತ್ರ.

ಪರಸ್ಪರ ಎಂದರೆ ಎರಡೂ ಕಡೆಯವರು ಒಬ್ಬರಿಗೊಬ್ಬರು ಸ್ವತಂತ್ರವಾಗಿ ಋಣಿಯಾಗುವ ವ್ಯವಹಾರ. ಅಕ್ಕಿ ಗಿರಣಿಯವನಿಗೆ ನೀವು ಗೋಣಿಚೀಲ ಮಾರುತ್ತೀರಿ, ಅವನಿಂದ ನೀವು ಅಕ್ಕಿ ಕೊಳ್ಳುತ್ತೀರಿ, ಕೆಲವೊಮ್ಮೆ ಅವನು ನಿಮಗೆ ಕೊಡಬೇಕು, ಕೆಲವೊಮ್ಮೆ ನೀವೇ ಅವನಿಗೆ ಕೊಡಬೇಕು. ಅದು ಪರಸ್ಪರ ಖಾತೆ. ಒಬ್ಬರು ಮಾಲು ಕೊಡುತ್ತಾ, ಇನ್ನೊಬ್ಬರು ಆಗಾಗ ಹಣ ಕಟ್ಟುತ್ತಾ ಹೋದರೆ ಅದು ಪರಸ್ಪರ ಖಾತೆಯಾಗುವುದಿಲ್ಲ. ಹಣ ಕಟ್ಟುವುದು ಹಳೆಯ ಋಣ ತೀರಿಸುವುದೇ ಹೊರತು ಹೊಸ ಋಣ ಹುಟ್ಟಿಸುವುದಲ್ಲ. 1959ರಲ್ಲಿ ಹಿಂದೂಸ್ತಾನ್ ಫಾರೆಸ್ಟ್ ಕಂಪನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಗೆರೆಯನ್ನು ಸ್ಪಷ್ಟವಾಗಿ ಎಳೆದಿದೆ. ಆದ್ದರಿಂದ ಸಾಮಾನ್ಯ ಉದ್ರಿ ವ್ಯಾಪಾರದಲ್ಲಿ ಪ್ರತಿ ಬಿಲ್ಲಿಗೂ ಅದರದೇ ಗಡುವು ಎಂದು ತಿಳಿಯುವುದೇ ಸುರಕ್ಷಿತ.

ಲಿಖಿತ ಒಪ್ಪಿಗೆ ಮಾಡುವ ಕೆಲಸ

ಗಡುವನ್ನು ಮುಂದೆ ತಳ್ಳುವ ಮುಖ್ಯ ಉಪಾಯ ಕಾಯ್ದೆಯ 18ನೇ ಕಲಮಿನಲ್ಲಿದೆ. ಕಾಲಮಿತಿ ಮುಗಿಯುವ ಮೊದಲು ಸಾಲಗಾರ ‘ಈ ಬಾಕಿ ನನ್ನ ಮೇಲಿದೆ’ ಎಂದು ಬರವಣಿಗೆಯಲ್ಲಿ ಒಪ್ಪಿ ಸಹಿ ಹಾಕಿದರೆ, ಸಹಿ ಹಾಕಿದ ದಿನದಿಂದ ಹೊಸ ಮೂರು ವರ್ಷ ಶುರುವಾಗುತ್ತದೆ. ಹಳೆಯ ಅವಧಿಯಲ್ಲಿ ಉಳಿದ ದಿನಗಳು ಇದಕ್ಕೆ ಕೂಡುವುದಿಲ್ಲ, ಎಣಿಕೆ ಪೂರ್ತಿ ಹೊಸದು. ಹೊಸ ಅವಧಿ ಮುಗಿಯುವ ಮೊದಲು ಇನ್ನೊಂದು ಒಪ್ಪಿಗೆ ಬಂದರೆ ಮತ್ತೆ ಮೂರು ವರ್ಷ. ಹೀಗೆ ಎಷ್ಟು ಸಲ ಬೇಕಾದರೂ ನಡೆಯಬಹುದು, ನಡುವೆ ಒಂದು ದಿನವೂ ಕೊಂಡಿ ಕಳಚಬಾರದು ಅಷ್ಟೆ.

ಒಪ್ಪಿಗೆಗೆ ಇಂಥದೇ ಮಾತು ಇರಬೇಕೆಂದಿಲ್ಲ. ‘ಕೊಡುತ್ತೇನೆ’ ಎಂಬ ಭರವಸೆಯೂ ಬೇಡ. ‘ನಿಮ್ಮ ಬಾಕಿ ಇರುವುದು ಹೌದು, ಆದರೆ ಕಳಿಸಿದ ಮಾಲು ಕಳಪೆಯಾದ್ದರಿಂದ ಈಗ ಕೊಡುವುದಿಲ್ಲ’ ಎಂದು ಬರೆದರೂ ಅದು ಒಪ್ಪಿಗೆಯೇ, ಏಕೆಂದರೆ ನಿರಾಕರಣೆ ಬೆರೆತಿದ್ದರೂ ಬಾಕಿಯನ್ನು ಒಪ್ಪಿದರೆ ಸಾಕೆಂದು ಕಾಯ್ದೆಯೇ ಹೇಳುತ್ತದೆ. ಮೊತ್ತ ಕಾಣಿಸದಿದ್ದರೂ, ಪತ್ರ ಬೇರೆಯವರ ಹೆಸರಿಗೆ ಬರೆದದ್ದಾದರೂ ಒಪ್ಪಿಗೆ ಕೆಡುವುದಿಲ್ಲ. ಆದರೆ ಬರೆದವನು ಇಂದಿಗೂ ತಾನು ಋಣಿ ಎಂಬುದನ್ನು ಒಪ್ಪಿದ್ದಾನೆ ಎಂದು ಆ ಮಾತುಗಳಿಂದ ತಿಳಿಯಬೇಕು. 1961ರ ಶಾಪೂರ್ ಫ್ರೀಡಂ ಮಜ್ದಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ.

ಎಲ್ಲರೂ ಎಡವುವುದು ಇಲ್ಲಿ. ವರ್ಷದ ಕೊನೆಗೆ ಲೆಕ್ಕದ ಸ್ಟೇಟ್‌ಮೆಂಟ್ ಕಳಿಸುತ್ತೀರಿ. ಅಂಗಡಿಯ ಗುಮಾಸ್ತ ಅದರ ಮೂಲೆಯಲ್ಲಿ ‘ಸ್ವೀಕರಿಸಲಾಗಿದೆ’ ಎಂದು ಮೊಹರು ಒತ್ತಿ ಕಿರುಸಹಿ ಹಾಕಿ ಕಳಿಸುತ್ತಾನೆ. ನೀವು ಅದನ್ನು ಕಡತಕ್ಕೆ ಸೇರಿಸಿ ನಿಶ್ಚಿಂತರಾಗುತ್ತೀರಿ. ಆ ಮೊಹರು ಹೇಳುವುದು ಕಾಗದ ತಲುಪಿತೆಂದು, ಬಾಕಿ ಸರಿಯೆಂದಲ್ಲ. ಕಿರುಸಹಿ ಮಾಡಿದ ಗುಮಾಸ್ತನಿಗೆ ಬಾಕಿ ಒಪ್ಪುವ ಅಧಿಕಾರ ಇತ್ತೇ ಎಂಬ ಪ್ರಶ್ನೆ ಬೇರೆ. ಅದೇ ಕಾಗದದ ಕೆಳಗೆ ಮಾಲೀಕ ‘ಮೇಲಿನ ಬಾಕಿ ಸರಿಯಾಗಿದೆ’ ಎಂದು ಬರೆದು ತಾರೀಖು ಹಾಕಿ ಸಹಿ ಮಾಡಿದ್ದರೆ ಮೂರು ವರ್ಷ ಸಿಗುತ್ತಿತ್ತು.

ಯಾರ ಸಹಿ ನಡೆಯುತ್ತದೆ

ಸಹಿ ಸಾಲಗಾರನದ್ದಾಗಿರಬೇಕು, ಇಲ್ಲವೇ ಅವನಿಂದ ಆ ಕೆಲಸಕ್ಕೆ ಅಧಿಕಾರ ಪಡೆದ ಪ್ರತಿನಿಧಿಯದ್ದು. ಒಬ್ಬನೇ ಮಾಲೀಕನಿರುವ ಅಂಗಡಿಯಲ್ಲಿ ಮಾಲೀಕನ ಸಹಿಯನ್ನೇ ಪಡೆಯಿರಿ. ಗಲ್ಲೆಯ ಮೇಲೆ ಕೂತ ಮಗನ ಸಹಿ ವಾದಕ್ಕೆ ಎಡೆಮಾಡುತ್ತದೆ. ಪಾಲುದಾರಿಕೆ ಸಂಸ್ಥೆಯಾದರೆ ಇನ್ನಷ್ಟು ಎಚ್ಚರ ಬೇಕು. ಒಬ್ಬ ಪಾಲುದಾರ ಸಹಿ ಮಾಡಿದ ಮಾತ್ರಕ್ಕೆ ಉಳಿದ ಪಾಲುದಾರರು ಬದ್ಧರಾಗುವುದಿಲ್ಲ ಎಂದು 20ನೇ ಕಲಂ ಹೇಳುತ್ತದೆ. ಸಂಸ್ಥೆಯ ವ್ಯವಹಾರ ನಡೆಸುವ ಪಾಲುದಾರ ಎಲ್ಲರ ಪ್ರತಿನಿಧಿಯಾಗಿ ಸಹಿ ಮಾಡಿದ್ದಾನೆಂದು ತೋರಿಸಬೇಕಾಗುತ್ತದೆ. ಹಾಗಾಗಿ ಸಂಸ್ಥೆಯ ಲೆಟರ್‌ಹೆಡ್ಡಿನಲ್ಲಿ, ‘ಸಂಸ್ಥೆಯ ಪರವಾಗಿ’ ಎಂಬ ಮಾತಿನೊಂದಿಗೆ, ಸಾಧ್ಯವಾದರೆ ಎಲ್ಲ ಪಾಲುದಾರರ ಸಹಿ ಪಡೆಯುವುದು ಒಳ್ಳೆಯದು.

ಸಾಲಗಾರ ಕಂಪನಿಯಾಗಿದ್ದರೆ ಇನ್ನೊಂದು ದಾರಿಯೂ ಇದೆ. ನಿರ್ದೇಶಕರು ಸಹಿ ಮಾಡಿದ ಬ್ಯಾಲೆನ್ಸ್ ಶೀಟಿನಲ್ಲಿ ನಿಮ್ಮ ಬಾಕಿ ಕಾಣಿಸಿದ್ದರೆ ಅದು ಕೂಡ ಒಪ್ಪಿಗೆಯಾಗಬಹುದೆಂದು 2021ರ ಬಿಶಾಲ್ ಜೈಸ್ವಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ. ಆದರೆ ಜೊತೆಗಿರುವ ಟಿಪ್ಪಣಿಯಲ್ಲಿ ‘ಈ ಬಾಕಿ ವಿವಾದದಲ್ಲಿದೆ’ ಎಂಬಂಥ ಮಾತಿದ್ದರೆ ಅರ್ಥ ಬದಲಾಗುತ್ತದೆ. ಆದ್ದರಿಂದ ಟಿಪ್ಪಣಿಗಳನ್ನೂ ಓದಬೇಕು.

ಇಮೇಲ್ ವಿಷಯದಲ್ಲಿ ನಮ್ಮ ಹೈಕೋರ್ಟಿನದೇ ತೀರ್ಪಿದೆ. ಸುದರ್ಶನ್ ಕಾರ್ಗೊ ಪ್ರಕರಣದಲ್ಲಿ 2013ರಲ್ಲಿ ಕರ್ನಾಟಕ ಹೈಕೋರ್ಟ್, ಮಾಹಿತಿ ತಂತ್ರಜ್ಞಾನ ಕಾಯ್ದೆಯ ಹಿನ್ನೆಲೆಯಲ್ಲಿ, ಇಮೇಲಿನಲ್ಲಿ ಬಾಕಿ ಒಪ್ಪಿದ್ದು 18ನೇ ಕಲಮಿನ ಒಪ್ಪಿಗೆಯಾಗುತ್ತದೆ ಎಂದಿತು. ಆ ಇಮೇಲ್ ಅವರಿಂದಲೇ ಬಂದದ್ದೆಂದು ತೋರಿಸುವುದು, ಕೋರ್ಟಿಗೆ ಕೊಡುವಾಗ ವಿದ್ಯುನ್ಮಾನ ದಾಖಲೆಗೆ ಬೇಕಾದ ಪ್ರಮಾಣಪತ್ರ ಲಗತ್ತಿಸುವುದು ವಾದಿಯ ಹೊಣೆ. ವಾಟ್ಸಾಪ್ ಸಂದೇಶವನ್ನೂ ಉಳಿಸಿಕೊಳ್ಳಿ, ಆದರೆ ಅದನ್ನೇ ನೆಚ್ಚಿ ಕೂರದೆ ಕಾಗದದ ಮೇಲೊಂದು ಸಹಿ ಪಡೆಯಿರಿ.

ಭಾಗಶಃ ಪಾವತಿಯಿಂದ ಸಿಗುವ ಅವಧಿ

ಕಾಲಮಿತಿ ಮುಗಿಯುವ ಮೊದಲು ಸಾಲಗಾರ ಸ್ವಲ್ಪ ಹಣ ಕೊಟ್ಟರೂ 19ನೇ ಕಲಮಿನಂತೆ ಆ ದಿನದಿಂದ ಹೊಸ ಮೂರು ವರ್ಷ ಸಿಗುತ್ತದೆ. ಆದರೆ ಇದಕ್ಕೊಂದು ಷರತ್ತಿದೆ: ಆ ಪಾವತಿಯನ್ನು ಕಾಣಿಸುವ ಬರಹ ಹಣ ಕೊಟ್ಟವನ ಕೈಬರಹದಲ್ಲಿ ಇರಬೇಕು ಅಥವಾ ಅವನ ಸಹಿ ಹೊತ್ತಿರಬೇಕು. ನೀವು ಕೊಟ್ಟ ರಸೀದಿಯಲ್ಲಿರುವುದು ನಿಮ್ಮ ಸಹಿ, ನಿಮ್ಮ ಲೆಡ್ಜರಿನಲ್ಲಿರುವುದು ನಿಮ್ಮ ಬರಹ. ಇವೆರಡೂ ಈ ಷರತ್ತನ್ನು ಪೂರೈಸುವುದಿಲ್ಲ. ಚೆಕ್ಕಿನಲ್ಲಿ ಕೊಟ್ಟವನ ಸಹಿ ಇರುತ್ತದೆ, ಹಾಗಾಗಿ ಅದು ಉತ್ತಮ ದಾಖಲೆ. ಮುಂದಿನ ತಾರೀಖಿನ ಚೆಕ್ ಆಗಿದ್ದರೆ ಅದನ್ನು ಕೈಗಿತ್ತ ದಿನ ಲೆಕ್ಕಕ್ಕೆ ಬರುವುದಿಲ್ಲ, ಚೆಕ್ಕಿನ ಮೇಲಿನ ತಾರೀಖೇ ಪಾವತಿಯ ದಿನ ಎಂದು ಸುಪ್ರೀಂ ಕೋರ್ಟ್ ಜೀವನ್‌ಲಾಲ್ ಆಚಾರ್ಯ ಪ್ರಕರಣದಲ್ಲಿ ಹೇಳಿದೆ.

ಈಗ ಹೆಚ್ಚಿನ ಹಣ ಬ್ಯಾಂಕಿನಿಂದ ಬ್ಯಾಂಕಿಗೆ ಮೊಬೈಲಿನಲ್ಲೇ ಬರುತ್ತದೆ. ಅಲ್ಲಿ ಹಣ ಬಂದದ್ದಕ್ಕೆ ಬ್ಯಾಂಕಿನ ದಾಖಲೆ ಇದ್ದರೂ ಕೊಟ್ಟವನ ಸಹಿಯ ಬರಹ ನಿಮ್ಮ ಕೈಗೆ ಬರುವುದಿಲ್ಲ. ಅದೇ ದಿನ ‘ಇಂಥ ಬಿಲ್ಲಿನ ಬಾಬ್ತು ಇಷ್ಟು ಹಾಕಿದ್ದೇನೆ, ಬಾಕಿ ಇಷ್ಟು’ ಎಂದು ಅವರಿಂದ ಒಂದು ಇಮೇಲ್ ತರಿಸಿಕೊಂಡರೆ ಪಾವತಿಯ ಬರಹವೂ ಬಾಕಿಯ ಒಪ್ಪಿಗೆಯೂ ಒಟ್ಟಿಗೇ ದಕ್ಕಿದಂತೆ.

ಒಂದು ಉದಾಹರಣೆ: ಮೂರು ಬಿಲ್ಲು, ಒಂದು ಸಹಿ

ಹುಬ್ಬಳ್ಳಿಯ ಹಾರ್ಡ್‌ವೇರ್ ಸಗಟು ವ್ಯಾಪಾರಿಯೊಬ್ಬರು ಗದಗಿನ ಅಂಗಡಿಯೊಂದಕ್ಕೆ 30 ದಿನದ ಉದ್ರಿಯ ಮೇಲೆ ಮಾಲು ಕಳಿಸಿದರು ಎಂದಿಟ್ಟುಕೊಳ್ಳೋಣ. ಮಾಲು ತಲುಪಿದ ದಿನದಿಂದಲೇ ಉದ್ರಿಯ ಎಣಿಕೆ.

- ಮೊದಲ ಬಿಲ್: 2022ರ ಏಪ್ರಿಲ್ 6, 1,40,000 ರೂ. ವಾಯಿದೆ ಮುಗಿದದ್ದು ಮೇ 6ಕ್ಕೆ. ದಾವೆಗೆ ಕೊನೆಯ ದಿನ 2025ರ ಮೇ 6.
- ಎರಡನೇ ಬಿಲ್: 2022ರ ಆಗಸ್ಟ್ 20, 95,000 ರೂ. ವಾಯಿದೆ ಮುಗಿದದ್ದು ಸೆಪ್ಟೆಂಬರ್ 19ಕ್ಕೆ. ಕೊನೆಯ ದಿನ 2025ರ ಸೆಪ್ಟೆಂಬರ್ 19.
- ಮೂರನೇ ಬಿಲ್: 2023ರ ಜನವರಿ 12, 1,15,000 ರೂ. ವಾಯಿದೆ ಮುಗಿದದ್ದು ಫೆಬ್ರವರಿ 11ಕ್ಕೆ. ಕೊನೆಯ ದಿನ 2026ರ ಫೆಬ್ರವರಿ 11.

2024ರ ಫೆಬ್ರವರಿ 5ರಂದು ಗದಗಿನವರು ಯಾವ ಬಿಲ್ಲಿಗೆಂದು ಹೇಳದೆ 40,000 ರೂಪಾಯಿ ಬ್ಯಾಂಕಿಗೆ ಹಾಕಿದರು. ಹುಬ್ಬಳ್ಳಿಯವರು ಅದನ್ನು ಮೊದಲ ಬಿಲ್ಲಿಗೆ ಜಮಾ ಮಾಡಿದರು. ಆ ಬಿಲ್ಲಿನಲ್ಲಿ 1,00,000 ಉಳಿಯಿತು, ಒಟ್ಟು ಬಾಕಿ 3,10,000. ಗದಗಿನವರ ಸಹಿಯ ಬರಹ ಯಾವುದೂ ಇಲ್ಲದ್ದರಿಂದ ಈ ಪಾವತಿಯನ್ನು ನಂಬಿ ಗಡುವು ಬೆಳೆಸುವುದು ಅಪಾಯ. ಮೊದಲ ಬಿಲ್ಲಿನ ಕೊನೆಯ ದಿನ 2025ರ ಮೇ 6 ಎಂದೇ ಹಿಡಿಯಬೇಕು.

2025ರ ಮಾರ್ಚ್ 31ಕ್ಕೆ ಲೆಕ್ಕ ಮುಗಿಸಿ ಹುಬ್ಬಳ್ಳಿಯವರು ಬಾಕಿ ದೃಢೀಕರಣ ಪತ್ರ ಕಳಿಸಿದರು. ಗದಗಿನ ಮಾಲೀಕರು ಅದಕ್ಕೆ ಏಪ್ರಿಲ್ 21ರಂದು ಸಹಿ ಮಾಡಿದರು. ಆ ದಿನ ಮೂರೂ ಬಿಲ್ಲುಗಳು ಜೀವಂತ ಇದ್ದವು. ಹೀಗಾಗಿ 3,10,000 ರೂಪಾಯಿಗೂ ಹೊಸ ಗಡುವು 2028ರ ಏಪ್ರಿಲ್ 21. ಪತ್ರದಲ್ಲಿ ‘ಮಾರ್ಚ್ 31ಕ್ಕೆ ಇದ್ದಂತೆ’ ಎಂದಿದ್ದರೂ ಎಣಿಕೆ ಸಹಿಯ ದಿನದಿಂದ.

ಅದೇ ಸಹಿ ಮೇ 12ಕ್ಕೆ ಬಿದ್ದಿದ್ದರೆ? ಮೊದಲ ಬಿಲ್ಲಿನ ಕಾಲ ಆರು ದಿನ ಹಿಂದೆಯೇ ಮುಗಿದಿರುತ್ತಿತ್ತು. 18ನೇ ಕಲಂ ಮುಗಿದ ಅವಧಿಯನ್ನು ಮತ್ತೆ ಬದುಕಿಸುವುದಿಲ್ಲ. ಆ ಒಂದು ಲಕ್ಷದ ಮೇಲಿನ ಹಕ್ಕು ತೂಗುಯ್ಯಾಲೆಗೆ ಬಿದ್ದು, ನಿಶ್ಚಿಂತೆಯಿಂದ ಕೇಳಬಹುದಾದದ್ದು ಉಳಿದೆರಡು ಬಿಲ್ಲುಗಳ 2,10,000 ಮಾತ್ರ. ಮೇ ತಿಂಗಳು ಕೋರ್ಟುಗಳಿಗೆ ಬೇಸಿಗೆ ರಜೆಯ ಕಾಲ. ಕೊನೆಯ ದಿನ ರಜೆಯಲ್ಲಿ ಬಿದ್ದರೆ ಕೋರ್ಟ್ ತೆರೆದ ದಿನ ದಾವೆ ಹಾಕಬಹುದು ನಿಜ. ಆ ಅನುಕೂಲ ಇರುವುದು ದಾವೆ ಹೂಡುವುದಕ್ಕೆ. ರಜೆಯನ್ನು ನಂಬಿ ಸಹಿಯನ್ನು ಮುಂದೂಡಬಾರದು.

ಕಾಲ ಮೀರಿದ ಮೇಲೆ ಉಳಿಯುವ ಒಂದು ದಾರಿ

ಗಡುವು ಮುಗಿದ ಮೇಲೆ ಬರಿ ಒಪ್ಪಿಗೆ ಸಾಲದು, ಹಣ ಕೊಡುವ ವಚನವೇ ಬೇಕು. 1872ರ ಕರಾರು ಕಾಯ್ದೆಯ 25(3)ನೇ ಕಲಮಿನಂತೆ, ಕಾಲ ಮೀರಿದ ಸಾಲವನ್ನು ಪೂರ್ತಿಯಾಗಿ ಅಥವಾ ಭಾಗಶಃ ತೀರಿಸುತ್ತೇನೆಂದು ಸಾಲಗಾರ ಬರೆದು ಸಹಿ ಮಾಡಿದರೆ ಅದೊಂದು ಹೊಸ ಕರಾರು. ಅದರ ಮೇಲೆ ದಾವೆ ಹೂಡಬಹುದು. ಮೇಲಿನ ಉದಾಹರಣೆಯಲ್ಲಿ ಮೇ 12ರ ಪತ್ರದಲ್ಲಿ ‘ಬಾಕಿ ಸರಿಯಾಗಿದೆ’ ಎಂದಷ್ಟೇ ಇದ್ದರೆ ಮೊದಲ ಬಿಲ್ಲಿಗೆ ಈ ಆಸರೆ ಸಿಗುವುದು ಕಷ್ಟ. ‘ಸದರಿ ಮೊತ್ತವನ್ನು ಡಿಸೆಂಬರ್ 31ರೊಳಗೆ ಪಾವತಿಸುತ್ತೇನೆ’ ಎಂದಿದ್ದರೆ ಸಿಗುತ್ತದೆ. ಹಾಗಾಗಿ ಪತ್ರದಲ್ಲಿ ಒಪ್ಪಿಗೆ, ವಚನ ಎರಡನ್ನೂ ಸೇರಿಸುವುದು ಜಾಣತನ.

ಕಾಲ ಬೆಳೆಸದ ಸಂಗತಿಗಳೂ ಇವೆ. ವಕೀಲರ ನೋಟಿಸ್, ನಿಮ್ಮ ಜ್ಞಾಪನಾ ಪತ್ರಗಳು, ಫೋನಿನಲ್ಲಿ ಕೊಟ್ಟ ಮಾತು, ಹಿರಿಯರ ಮುಂದೆ ಆದ ಬಾಯಿಮಾತಿನ ರಾಜಿ, ಇವು ಯಾವುವೂ ಒಂದು ದಿನವನ್ನೂ ಕೂಡಿಸುವುದಿಲ್ಲ. ಹೊಸ ಬಿಲ್ ಮಾಡಿದ್ದರಿಂದ ಹಳೆಯ ಬಿಲ್ಲಿಗೆ ಹೊಸ ಆಯುಸ್ಸೂ ಬರುವುದಿಲ್ಲ.

ಪತ್ರದ ನಮೂನೆ

ಉದ್ದದ ಒಕ್ಕಣೆ ಬೇಕಿಲ್ಲ. ಸಾಲಗಾರರ ಲೆಟರ್‌ಹೆಡ್ಡಿನಲ್ಲಿ ಹೀಗಿದ್ದರೆ ಸಾಕು:

‘ತಮ್ಮಿಂದ ಈ ಕೆಳಗಿನ ಬಿಲ್ಲುಗಳ ಪ್ರಕಾರ ಮಾಲು ಪಡೆದಿದ್ದು, ಇದುವರೆಗಿನ ಜಮಾ ಕಳೆದು 3,10,000 ರೂಪಾಯಿ ತಮಗೆ ಕೊಡಬೇಕಾದ ಬಾಕಿ ಇದೆಯೆಂದು ಒಪ್ಪಿದ್ದೇನೆ. ಸದರಿ ಬಾಕಿಯನ್ನು ಪಾವತಿಸುತ್ತೇನೆ.’

ಕೆಳಗೆ ಬಿಲ್ ನಂಬರು, ತಾರೀಖು ಮತ್ತು ಮೊತ್ತದ ಪಟ್ಟಿ, ಸಹಿ ಮಾಡಿದವರ ಹೆಸರು ಮತ್ತು ಹುದ್ದೆ, ಅವರ ಕೈಯಿಂದಲೇ ಬರೆಸಿದ ಸಹಿಯ ತಾರೀಖು ಇರಬೇಕು. ತಾರೀಖು ಬಿಟ್ಟುಹೋದರೆ ಸಾಕ್ಷಿಯ ಮೂಲಕ ಅದನ್ನು ರುಜುವಾತು ಮಾಡಬಹುದು. ಆದರೆ ಪತ್ರದಲ್ಲಿ ಏನು ಬರೆದಿತ್ತೆಂಬುದನ್ನು ಬಾಯಿಮಾತಿನ ಸಾಕ್ಷ್ಯದಿಂದ ತೋರಿಸಲು 18ನೇ ಕಲಂ ಬಿಡುವುದಿಲ್ಲ. ಆದ್ದರಿಂದ ಮೂಲ ಪ್ರತಿ ಜೋಪಾನ. ಸಾಲದ ಒಪ್ಪಿಗೆಗೆ ಮುದ್ರಾಂಕ ಶುಲ್ಕದ ನಿಯಮವೂ ಇದೆ, ಚಾಲ್ತಿ ದರವನ್ನು ವಕೀಲರಲ್ಲಿ ಕೇಳಿಕೊಳ್ಳಬೇಕು.

ದಾವೆಗೆ ಹೊರಡುವಾಗ

ವ್ಯಾಪಾರ ವಿವಾದದ ಮೌಲ್ಯ ಮೂರು ಲಕ್ಷ ರೂಪಾಯಿ ಅಥವಾ ಹೆಚ್ಚಿದ್ದರೆ ಅದು 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಗೆ ಸೇರುತ್ತದೆ. ಅಲ್ಲಿ ತುರ್ತು ಮಧ್ಯಂತರ ಪರಿಹಾರ ಬೇಡದಿದ್ದರೆ ದಾವೆಗೆ ಮುಂಚೆ ಮಧ್ಯಸ್ಥಿಕೆಗೆ ಹೋಗುವುದು ಕಡ್ಡಾಯ ಎಂದು 2022ರಲ್ಲಿ ಪಾಟೀಲ್ ಆಟೊಮೇಷನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ಮೆಟ್ಟಿಲು ಹತ್ತದೆ ಬಂದ ದಾವಾಪತ್ರ ತಿರಸ್ಕೃತವಾಗುತ್ತದೆ. ಮಧ್ಯಸ್ಥಿಕೆಯಲ್ಲಿ ಕಳೆದ ಕಾಲವನ್ನು ಕಾಲಮಿತಿಯ ಎಣಿಕೆಯಿಂದ ಬಿಡಲಾಗುತ್ತದೆ. ಆದರೂ ಕಡತ ಹೊಂದಿಸಿ ಅರ್ಜಿ ಹಾಕಲು ಸಮಯ ಬೇಕು. ನಮ್ಮ ಉದಾಹರಣೆಯ 3,10,000 ಈ ದಾರಿ ಹಿಡಿಯಬೇಕು, ಒಂದು ಲಕ್ಷ ಕಳೆದುಕೊಂಡು 2,10,000ಕ್ಕೆ ಇಳಿದರೆ ಸಾಮಾನ್ಯ ಸಿವಿಲ್ ಕೋರ್ಟಿಗೆ ಹೋಗಬೇಕು.

ಪ್ರತಿ ವರ್ಷ ಮಾರ್ಚ್ ಲೆಕ್ಕ ಮುಗಿಸುವಾಗ ಬಾಕಿದಾರರ ಪಟ್ಟಿಯನ್ನು ಮೊತ್ತದ ಪ್ರಕಾರ ಜೋಡಿಸುವುದು ರೂಢಿ. ಅದರ ಪಕ್ಕದಲ್ಲೇ ಇನ್ನೊಂದು ಕಂಬಸಾಲು ಎಳೆದು, ಪ್ರತಿಯೊಬ್ಬರ ಅತಿ ಹಳೆಯ ಬಿಲ್ಲಿನ ಕೊನೆಯ ದಿನವನ್ನು ಬರೆಯಿರಿ. ಆ ದಿನಕ್ಕೆ ಆರು ತಿಂಗಳು ಉಳಿದಿರುವಾಗ ಸಹಿ ಕೇಳಿ. ಸಹಿ ಕೊಡಲು ಹಿಂದೇಟು ಹಾಕಿದರೆ ವಕೀಲರ ಬಳಿಗೆ ಹೋಗಲು ಆರು ತಿಂಗಳು ನಿಮ್ಮ ಕೈಯಲ್ಲಿರುತ್ತದೆ.